ಅಪ್‌ಡೇಟ್: ಗೋಷ್ಠಿಯ ಸಮಯ ಬದಲಾದಾಗ ಒಪ್ಪಿಗೆಯ ಲೆಕ್ಕ

ನನ್ನ ಪ್ರಶ್ನೆ: "ಮಡಿಕೇರಿಯ ಕಾಫಿ ವಿಚಾರಸಂಕಿರಣದಲ್ಲಿ ಗೋಷ್ಠಿಗಳ ಸಮಯ ಬದಲಾಗುತ್ತಲೇ ಇದೆ. ಯಾರು ಯಾವ ಸಮಯಕ್ಕೆ ಒಪ್ಪಿದ್ದಾರೆಂದು ತಿಳಿಯುವುದು ಹೇಗೆ?"

ಸಂಕಿರಣ ಸುಗಮವಾಗಿ ಮುಗಿಯಿತು. ವಾಟ್ಸ್‌ಆ್ಯಪ್ ಗುಂಪಿನ ಸಲಹೆ ಫಲಿಸಲಿಲ್ಲ. ಅಲ್ಲಿ ಬಂದ ‘ಸರಿ’ ಎಂಬ ಉತ್ತರ ಹಳೆಯ ಸಮಯಕ್ಕೋ ಹೊಸದಕ್ಕೋ ತಿಳಿಯುತ್ತಿರಲಿಲ್ಲ. ಕೈಹಿಡಿದದ್ದು, ಒಬ್ಬರ ಒಂದು ಗೋಷ್ಠಿಗೆ ಒಂದು ಸಾಲಿನಂತೆ ಹಾಳೆ ಮಾಡಿ, A ಕಾಲಂನಲ್ಲಿ ಹೆಸರು, B ಕಾಲಂನಲ್ಲಿ ನಿಗದಿಯಾದ ಸಮಯ, C ಕಾಲಂನಲ್ಲಿ ಅವರು ಒಪ್ಪಿದ ಸಮಯವನ್ನು ಬೇರೆಬೇರೆಯಾಗಿ ಬರೆಯಬೇಕೆಂಬ ಸಲಹೆ. D ಕಾಲಂನಲ್ಲಿ ಈ ಸೂತ್ರವಿತ್ತು:

```
=IF(B2=C2,"ಖಚಿತ","ಮತ್ತೆ ಕೇಳಿ")
```

ಮೈಸೂರಿನಿಂದ ಹೊರಡಬೇಕಿದ್ದ ಕೀಟತಜ್ಞರು ಬೆಳಿಗ್ಗೆ 10ಕ್ಕೆ ತಲುಪಲಾಗದೆಂದಾಗ, ಮಧ್ಯಾಹ್ನ 2ಕ್ಕೆ ಕರಿಮೆಣಸಿನ ಬಗ್ಗೆ ಮಾತನಾಡಬೇಕಿದ್ದವರೊಡನೆ ಅದಲುಬದಲು ಮಾಡಿ B ಕಾಲಂ ತಿದ್ದಿದೆವು. ಒಡನೆಯೇ ಇಬ್ಬರ ಸಾಲುಗಳೂ ‘ಮತ್ತೆ ಕೇಳಿ’ ಎಂದವು. ಕೇಳಿದಾಗ, ಎರಡನೆಯವರು 10ಕ್ಕೆ ಇನ್ನೊಂದು ಸಭಾಂಗಣದ ಚರ್ಚೆಯಲ್ಲಿದ್ದಾರೆಂಬುದು ತಿಳಿಯಿತು. ಒಪ್ಪಿಗೆಯನ್ನಷ್ಟೇ ನೋಡುವ ಆ ಸೂತ್ರಕ್ಕೆ ಇದು ಕಾಣುವಂತಿರಲಿಲ್ಲ. ಆದ್ದರಿಂದ E ಕಾಲಂನಲ್ಲಿ ಇದನ್ನೂ ಸೇರಿಸಿದೆವು:

```
=COUNTIFS(A:A,A2,B:B,B2)
```

ಉತ್ತರ 1ಕ್ಕಿಂತ ಹೆಚ್ಚಾದರೆ ಒಬ್ಬರೇ ಒಂದೇ ಸಮಯಕ್ಕೆ ಎರಡು ಕಡೆ ಇದ್ದಾರೆಂದರ್ಥ. ಹೆಸರನ್ನು ಎಲ್ಲ ಸಾಲುಗಳಲ್ಲೂ ಒಂದೇ ರೀತಿ ಬರೆದಿರಬೇಕು, ಇಲ್ಲವಾದರೆ ಲೆಕ್ಕ ತಪ್ಪುತ್ತದೆ. ಕೊನೆಗೆ ಕೀಟತಜ್ಞರ ಗೋಷ್ಠಿಯನ್ನು 11.30ರ ಗೋಷ್ಠಿಯೊಡನೆ ಬದಲಿಸಿ, ಇಬ್ಬರ ಒಪ್ಪಿಗೆಯೂ ಬಂದ ಮೇಲೆಯೇ ಕಾರ್ಯಕ್ರಮಪಟ್ಟಿಯನ್ನು ಮುದ್ರಣಕ್ಕೆ ಕಳುಹಿಸಿದೆವು.