ಸೋಮವಾರ ರಿಜಿಸ್ಟ್ರೇಷನ್, 18 ಲಕ್ಷ ಹೋಗ್ತಿಲ್ಲ

ಪ್ರಶ್ನೆ: ಸೈಟ್ ಮಾರುವವರಿಗೆ ಬಾಕಿ 18 ಲಕ್ಷ ಕೊಡಬೇಕು, ಸೋಮವಾರ ರಿಜಿಸ್ಟ್ರೇಷನ್. ನೆಟ್‌ಬ್ಯಾಂಕಿಂಗ್‌ನಲ್ಲಿ ದಿನದ ಮಿತಿ 10 ಲಕ್ಷ ಅಂತಿದೆ. 5 ಲಕ್ಷ ಹಾಕಿದರೂ ಮಿತಿ ಮೀರಿದೆ ಅಂತ ಬರ್ತಿದೆ. ಖಾತೆಯಲ್ಲಿ ದುಡ್ಡಿದೆ. ಏನು ಮಾಡಲಿ?

ಸದಸ್ಯ: ಆರ್‌ಟಿಜಿಎಸ್ ಮಾಡಿ, ಅದಕ್ಕೆ ಮಿತಿಯೇ ಇಲ್ಲ.

ನಿವೃತ್ತ ಬ್ಯಾಂಕ್ ಮ್ಯಾನೇಜರ್: ರಿಸರ್ವ್ ಬ್ಯಾಂಕ್ ಮೇಲ್ಮಿತಿ ಇಟ್ಟಿಲ್ಲ, ಕನಿಷ್ಠ 2 ಲಕ್ಷ ಇರಬೇಕು ಅಷ್ಟೆ. ಆದರೆ ಆನ್‌ಲೈನ್‌ನಲ್ಲಿ ಆರ್‌ಟಿಜಿಎಸ್ ಮಾಡಿದರೂ ನಿಮ್ಮ ಬ್ಯಾಂಕ್ ಇಟ್ಟ ಮಿತಿ ಬಿಡಲ್ಲ. ಮಾರುವವರ ಖಾತೆ ಯಾವಾಗ ಸೇರಿಸಿದ್ರಿ?

ಪ್ರಶ್ನೆ ಕೇಳಿದವರು: ಇವತ್ತು ಗುರುವಾರ ಬೆಳಿಗ್ಗೆ ಸರ್.

ನಿವೃತ್ತ ಬ್ಯಾಂಕ್ ಮ್ಯಾನೇಜರ್: ಬಹುಶಃ ಅಲ್ಲೇ ಸಿಕ್ಕಿಕೊಂಡಿದೆ. ಹೊಸದಾಗಿ ಸೇರಿಸಿದ ಖಾತೆಗೆ ಮೊದಲ ಒಂದೆರಡು ದಿನ, ಕೆಲವು ಬ್ಯಾಂಕ್‌ಗಳಲ್ಲಿ ಇನ್ನೂ ಹೆಚ್ಚು, ಕಡಿಮೆ ಮೊತ್ತವೇ ಬಿಡ್ತಾರೆ. ಪರದೆ ಮೇಲೆ ಕಾಣೋ 10 ಲಕ್ಷ ಒಟ್ಟು ದಿನದ ಮಿತಿ, ಇದು ಬೇರೆ. ಖಚಿತ ಮಾಡಿಕೊಳ್ಳಲು ಹತ್ತು ಸಾವಿರ ಕಳಿಸಿ ನೋಡಿ: ಅದು ಹೋಗಿ ದೊಡ್ಡದು ನಿಂತರೆ ಹೊಸ ಖಾತೆಯ ತಡೆಯೇ. ಒಂದೇ ಸಮ 5 ಲಕ್ಷ ಒತ್ತುತ್ತಾ ಇರಬೇಡಿ, ವಂಚನೆ ಅಂತ ಅನುಮಾನ ಬಂದು ಲಾಗಿನ್‌ನೇ ಲಾಕ್ ಮಾಡಬಹುದು.

ತಡೆ ಕಳೆದರೂ 10 ಲಕ್ಷದ ಲೆಕ್ಕದಲ್ಲಿ 18 ಲಕ್ಷಕ್ಕೆ ಎರಡು ದಿನ ಬೇಕು. ಅದಕ್ಕೇ ಶುಕ್ರವಾರ ಬೆಳಿಗ್ಗೆ ಚೆಕ್ ಪುಸ್ತಕ, ಪಾನ್ ಹಿಡಿದು ನಿಮ್ಮ ಶಾಖೆಗೆ ಹೋಗಿ. ಆರ್‌ಟಿಜಿಎಸ್ ಫಾರಂ ಜೊತೆ 18 ಲಕ್ಷದ ಒಂದೇ ಚೆಕ್ ಕೊಡಿ. ಆ್ಯಪ್‌ನ ಮಿತಿ ಕೌಂಟರ್‌ಗೆ ಬರಲ್ಲ. 5 ಲಕ್ಷ ಮೇಲ್ಪಟ್ಟರೆ ಶುಲ್ಕ ಹೆಚ್ಚೆಂದರೆ 49.50 ರೂಪಾಯಿ, ಮೇಲೆ ಜಿಎಸ್‌ಟಿ. ಶನಿವಾರಕ್ಕೆ ಇಟ್ಟುಕೊಳ್ಳಬೇಡಿ, ಎರಡನೇ ನಾಲ್ಕನೇ ಶನಿವಾರ ಶಾಖೆ ಮುಚ್ಚಿರುತ್ತೆ. ಖಾತೆ ಸಂಖ್ಯೆ, ಐಎಫ್‌ಎಸ್‌ಸಿಯನ್ನು ಅವರ ಪಾಸ್‌ಬುಕ್ ನೋಡಿ ಬರೆಯಿರಿ. ಕ್ರೆಡಿಟ್ ಮಾಡಲು ಆಗದಿದ್ದರೆ ಆ ಬ್ಯಾಂಕ್ ಒಂದು ಗಂಟೆಯೊಳಗೆ ವಾಪಸ್ ಕಳಿಸಬೇಕು, ಆದರೆ ಖಾತೆ ಸಂಖ್ಯೆ ತಪ್ಪಾಗಿ ಬೇರೆಯವರದ್ದಾಗಿಬಿಟ್ಟರೆ ವಸೂಲಿ ಕಷ್ಟ.

ಇನ್ನೊಬ್ಬ ಸದಸ್ಯೆ: ಮಗಳ ಕಾಲೇಜ್ ಫೀಸ್ 3 ಲಕ್ಷ ಯುಪಿಐನಲ್ಲೇ ಹೋಯ್ತಲ್ಲ? ಇವರಿಗೇಕೆ ಇಷ್ಟು ರಗಳೆ?

ನಿವೃತ್ತ ಬ್ಯಾಂಕ್ ಮ್ಯಾನೇಜರ್: ಕಾಲೇಜು, ಆಸ್ಪತ್ರೆಗಳಿಗೆ 5 ಲಕ್ಷದವರೆಗೆ ಬಿಟ್ಟಿದ್ದಾರಮ್ಮ. ವ್ಯಕ್ತಿಗೆ ದಿನಕ್ಕೆ 1 ಲಕ್ಷ, ಹದಿನೆಂಟು ದಿನ ಆಗುತ್ತೆ.

ದಸ್ತಾವೇಜು ಬರಹಗಾರ: ಹೇಗೆ ಕಳಿಸಿದರೂ ಪ್ರತಿ ಕಂತಿಗೆ ಬ್ಯಾಂಕ್ ಕೊಡೋ ಯುಟಿಆರ್ ಸಂಖ್ಯೆ, ದಿನಾಂಕ ಕ್ರಯಪತ್ರದಲ್ಲಿ ಬರಬೇಕು. ಒಂದೇ ಮೊತ್ತ ಆದರೆ ಒಂದೇ ಸಾಲು, ನಮಗೂ ಸುಲಭ.

ಪ್ರಶ್ನೆ ಕೇಳಿದವರು: ಶುಕ್ರವಾರವೇ ಹಾಕಿಬಿಟ್ಟು ಸೋಮವಾರ ಅವರು ಬರದಿದ್ದರೆ?

ದಸ್ತಾವೇಜು ಬರಹಗಾರ: ಅದಕ್ಕೇ ಕೆಲವರು ಡಿಡಿ ಮಾಡಿಸಿ ಸಹಿ ಆಗುವಾಗ ಕೈಗೆ ಕೊಡ್ತಾರೆ.

ನಿವೃತ್ತ ಬ್ಯಾಂಕ್ ಮ್ಯಾನೇಜರ್: ಡಿಡಿ ಆದರೆ ಮಾರುವವರು ಒಪ್ಪಬೇಕಲ್ಲ, ನಕಲಿ ಡಿಡಿ ಭಯ ಅವರಿಗೆ. ಅಥವಾ ಸೋಮವಾರ ಶಾಖೆ ತೆರೆದ ಕೂಡಲೇ ಆರ್‌ಟಿಜಿಎಸ್ ಮಾಡಿಸಿ, ರಿಜಿಸ್ಟ್ರೇಷನ್ ಸಮಯ ಮಧ್ಯಾಹ್ನಕ್ಕೆ ತಗೊಳ್ಳಿ. ಇವತ್ತೇ ಅವರನ್ನು ಕೇಳಿ ನೋಡಿ.