“ಹಳಿ ತಪ್ಪುವುದು”: ಕಪಾಟಿನ ಜಾರುಬಾಗಿಲಿಗೆ ಈ ಒಂದು ಮಾತು ಸಾಕೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕಪಾಟಿನ ಜಾರುಬಾಗಿಲು ರಿಪೇರಿ ಮಾಡಿಕೊಳ್ಳುವವರಿಗಾಗಿ ಕನ್ನಡದಲ್ಲಿ ಒಂದು ಕಿರು ಕೈಪಿಡಿ ಬರೆಯುತ್ತಿದ್ದೇನೆ. ಒಂದು ಭಾಗಕ್ಕೆ “ಬಾಗಿಲು ಹಳಿ ತಪ್ಪಿದರೆ” ಎಂದು ಹೆಸರಿಟ್ಟೆ. ಬರೆಯುತ್ತಾ ಹೋದಂತೆ ಇದರಲ್ಲಿ ಎರಡು ಸಂಗತಿಗಳಿವೆ ಅನಿಸಿತು. ಕೆಲವು ಬಾಗಿಲುಗಳಲ್ಲಿ ಕೆಳಗಿನ ಗಾಲಿ ಹಳಿ ಬಿಟ್ಟು ಪಕ್ಕಕ್ಕೆ ಇಳಿಯುತ್ತದೆ. ಇನ್ನು ಕೆಲವದರಲ್ಲಿ ಗಾಲಿ ಹಳಿಯ ಮೇಲೇ ಇರುತ್ತದೆ, ಆದರೆ ಬಾಗಿಲಿನ ಮೇಲಂಚು ಮೇಲಿನ ಚಾನೆಲ್‌ನಿಂದ ಹೊರಬಂದು ಬಾಗಿಲು ಮುಂದಕ್ಕೆ ವಾಲುತ್ತದೆ. ಎರಡಕ್ಕೂ “ಹಳಿ ತಪ್ಪುವುದು” ಎನ್ನಬಹುದೇ? ಹಾಗೆಯೇ ರೋಲರ್‌ಗೆ ಗಾಲಿ ಎನ್ನಲೇ, ಉರುಳೆ ಎನ್ನಲೇ, ರೋಲರ್ ಎಂದೇ ಬಿಡಲೇ?

ನಮ್ಮ ಮನೆಯ ಕಪಾಟನ್ನೇ ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ಅದು ಮೊದಲನೆಯ ಬಗೆಯದು. ತಳ್ಳುವಾಗ ಟಕ್ ಟಕ್ ಎನ್ನುತ್ತದೆ, ಆಮೇಲೆ ಗಾಲಿ ಇಳಿದುಬಿಡುತ್ತದೆ.

ಮೊದಲ ಉತ್ತರ

ಎರಡಕ್ಕೂ “ಕಳಚಿಕೊಳ್ಳುವುದು” ಎಂದರೆ ಸಾಕು. ಓದುವವರಿಗೆ ಬಾಗಿಲು ಸರಿಹೋಗಬೇಕು, ಅಷ್ಟೇ. ಹಳಿ ಎಂದರೆ ನನ್ನ ಕಣ್ಣಿಗೆ ರೈಲೇ ಬರುತ್ತದೆ, ಚಾನೆಲ್ ಎನ್ನಿ. ನಿಮ್ಮ ಬಾಗಿಲಿಗೆ ಆಗಿರುವುದು ಒಣಗಿದ ತೊಂದರೆ. ಚಾನೆಲ್ ಗುಡಿಸಿ, ಉದ್ದಕ್ಕೂ ನಾಲ್ಕು ಹನಿ ಮಷೀನ್ ಎಣ್ಣೆ ಬಿಡಿ.

ಎರಡನೆಯ ಉತ್ತರ

ಮೇಲಿನವರು ಗುಡಿಸಿ ಎಂದದ್ದು ಸರಿ, ಅದೇ ಮೊದಲ ಕೆಲಸ. ಎಣ್ಣೆ ಮಾತ್ರ ಬೇಡ. ಹಳಿಗೆ ಎಣ್ಣೆ ಬಿದ್ದರೆ ಬಟ್ಟೆಯ ನೂಲು, ಧೂಳು ಎಲ್ಲ ಅಂಟಿ ಗಟ್ಟಿ ಉಂಡೆಯಾಗುತ್ತದೆ. ಗಾಲಿ ಆ ಉಂಡೆಯನ್ನೇರಿ ಆಚೆ ಇಳಿಯುತ್ತದೆ. ನಾನು ಬಡಗಿ ಕೆಲಸದವನು, ಇಂಥ ಹಳಿಗಳನ್ನು ಕೆರೆದು ಕೆರೆದು ಸಾಕಾಗಿದೆ.

ಪದದ ವಿಷಯಕ್ಕೆ ಬಂದರೆ, ಒಂದೇ ಮಾತು ಬಳಸಬೇಡಿ ಎಂದು ಗಟ್ಟಿಯಾಗಿ ಹೇಳುತ್ತೇನೆ, ಯಾಕೆಂದರೆ ಮದ್ದು ಬೇರೆ ಬೇರೆ. ಮೇಲಂಚು ಹೊರಬಂದರೆ ಬಾಗಿಲು ಕೆಳಗಿಳಿದಿದೆ ಎಂದರ್ಥ. ಬಾಗಿಲಿನ ಕೆಳಮೂಲೆಯಲ್ಲಿರುವ ಸ್ಕ್ರೂ ತಿರುಗಿಸಿ ಅದನ್ನು ಏರಿಸಬೇಕು. ಯಾವ ಕಡೆ ತಿರುಗಿಸಿದರೆ ಏರುತ್ತದೆ ಎಂಬುದು ಒಂದೊಂದು ರೋಲರ್‌ನಲ್ಲಿ ಒಂದೊಂದು ಥರ, ಅರ್ಧ ಸುತ್ತು ತಿರುಗಿಸಿ ನೋಡಿ. ಬಾಗಿಲನ್ನು ಕಪಾಟಿನ ಪಕ್ಕದ ಹಲಗೆಯ ಹತ್ತಿರಕ್ಕೆ ತಂದು ನಿಲ್ಲಿಸಿದಾಗ ನಡುವಿನ ಸಂದು ಮೇಲಿಂದ ಕೆಳಗಿನವರೆಗೆ ಒಂದೇ ಸಮ ಕಾಣಬೇಕು. ಎರಡೂ ತುದಿಯಲ್ಲಿ ಸರಿಯಿದ್ದು ನಡುವೆ ಬಂದಾಗ ಮಾತ್ರ ಮೇಲಂಚು ಬಿಟ್ಟರೆ ಕಪಾಟಿನ ತಳದ ಹಲಗೆ ಕುಸಿದಿರುತ್ತದೆ. ಅದಕ್ಕೆ ಸ್ಕ್ರೂ ಉತ್ತರವಲ್ಲ, ಹಲಗೆಯ ಕೆಳಗೆ ಆಸರೆ ಕೊಡಬೇಕು. ಇದಕ್ಕೆ ನೀವು “ತಲೆ ಬಿಡುವುದು” ಎನ್ನಬಹುದು. ಗಾಲಿ ಇಳಿಯುವುದಕ್ಕೆ ಮಾತ್ರ “ಹಳಿ ತಪ್ಪುವುದು” ಇರಲಿ.

ಈಗ ನಿಮ್ಮ ಟಕ್ ಟಕ್. ಅದು ಎಲ್ಲಿ ಕೇಳುತ್ತದೆ ಎಂದು ಗಮನಿಸಿ. ಪ್ರತಿ ಸಲವೂ ಹಳಿಯ ಅದೇ ಜಾಗದಲ್ಲಿ ಒಮ್ಮೆ ಕೇಳಿದರೆ ಹಳಿ ನಗ್ಗಿದೆ, ಇಲ್ಲವೇ ಅಲ್ಲೊಂದು ಸ್ಕ್ರೂ ತಲೆಯೆತ್ತಿದೆ. ಹಾದಿಯುದ್ದಕ್ಕೂ ಒಂದೇ ಅಂತರದಲ್ಲಿ ಕೇಳಿದರೆ ಕಾಯಿಲೆ ಗಾಲಿಯದು. 25 ಮಿ.ಮೀ. ಅಡ್ಡಳತೆಯ ಗಾಲಿ ಒಂದು ಸುತ್ತಿಗೆ ಹೆಚ್ಚುಕಡಿಮೆ 8 ಸೆಂ.ಮೀ. ಸಾಗುತ್ತದೆ. ಸದ್ದಿನ ಅಂತರ ಅದಕ್ಕೆ ಹೊಂದಿದರೆ ಗಾಲಿಯ ಒಂದು ಮಗ್ಗುಲು ಚಪ್ಪಟೆಯಾಗಿದೆ. ಅಳೆದು ತಿಳಿಸಿ. ಬಾಗಿಲಿನ ಉದ್ದ, ಅಗಲ, ದಪ್ಪ, ಕನ್ನಡಿ ಇದೆಯೇ ಎಂಬುದನ್ನೂ ಬರೆಯಿರಿ.

ಮೂರನೆಯ ಉತ್ತರ

ನಮ್ಮ ಮನೆಯ ಕಪಾಟಿನಲ್ಲಿ ಕೆಳಗೆ ಗಾಲಿಯೇ ಇಲ್ಲವಲ್ಲ! ಎರಡು ಪ್ಲಾಸ್ಟಿಕ್ ತುಂಡುಗಳಿವೆ, ಅಷ್ಟೇ. ಬಡಗಿಯಣ್ಣ ಹೇಳಿದಂತೆ ಕೆಳಮೂಲೆಯ ಸ್ಕ್ರೂ ಹುಡುಕಿ ಸಿಗಲಿಲ್ಲ. ನಮ್ಮದೂ ಬೀಳುತ್ತದೆ. ಇದಕ್ಕೇನು ಹೆಸರು?

ಎರಡನೆಯ ಉತ್ತರ ಬರೆದವರಿಂದ

ಅಮ್ಮಾ, ನಿಮ್ಮದು ಮೇಲಿಂದ ತೂಗುವ ಬಾಗಿಲು. ಭಾರವೆಲ್ಲ ಮೇಲಿನ ಗಾಲಿಯದು, ಕೆಳಗಿನ ಪ್ಲಾಸ್ಟಿಕ್ ತುಂಡು ಬಾಗಿಲು ಓಲಾಡದಂತೆ ಹಿಡಿಯಲು ಮಾತ್ರ. ಸ್ಕ್ರೂ ಮೇಲೆ, ಬಾಗಿಲಿನ ಹಿಂಬದಿಯಲ್ಲಿ ಹುಡುಕಿ. ಇವರು ಕೇಳುತ್ತಿರುವುದು ಕೆಳಗಿನ ಗಾಲಿಯ ಮೇಲೆ ನಿಂತ ಬಾಗಿಲಿನ ಬಗ್ಗೆ.

ಪ್ರಶ್ನೆ ಕೇಳಿದವರಿಂದ

ಅಳೆದೆ. ಸದ್ದು ಸುಮಾರು 8 ಸೆಂ.ಮೀ.ಗೆ ಒಮ್ಮೆ, ಹಾದಿಯುದ್ದಕ್ಕೂ. ಬಾಗಿಲು 2.1 ಮೀಟರ್ ಎತ್ತರ, 0.9 ಮೀಟರ್ ಅಗಲ, 18 ಮಿ.ಮೀ. ಎಂಡಿಎಫ್. ಅದರ ಮೇಲೆ ಪೂರ್ತಿ 4 ಮಿ.ಮೀ. ಕನ್ನಡಿಯನ್ನು ಆಮೇಲೆ ಅಂಟಿಸಿದ್ದು. ರೋಲರ್‌ನ ಮೇಲೆ 30 ಕೆ.ಜಿ. ಎಂದಿದೆ. ಪೊಟ್ಟಣದಲ್ಲಿ “ಒಂದು ಬಾಗಿಲಿಗೆ” ಎಂದು ಬರೆದಿದೆ.

ಎರಡನೆಯ ಉತ್ತರ ಬರೆದವರಿಂದ

ಕಾರಣ ಸಿಕ್ಕಿತು. ಎಂಡಿಎಫ್ ಘನ ಮೀಟರಿಗೆ 700 ಕೆ.ಜಿ.ಯ ಆಸುಪಾಸು ತೂಗುತ್ತದೆ. ಆ ಲೆಕ್ಕದಲ್ಲಿ ನಿಮ್ಮ ಹಲಗೆ ಸುಮಾರು 24 ಕೆ.ಜಿ. ಗಾಜು ಒಂದು ಮಿ.ಮೀ. ದಪ್ಪಕ್ಕೆ ಚದರ ಮೀಟರಿಗೆ 2.5 ಕೆ.ಜಿ., ಅಂದರೆ ಕನ್ನಡಿ ಸುಮಾರು 19 ಕೆ.ಜಿ. ಒಟ್ಟು 43. ಮೂವತ್ತರ ರೋಲರ್ ಬರಿ ಹಲಗೆಗೆ ಸಾಕಾಗಿತ್ತು. ಕನ್ನಡಿ ಬಂದ ಮೇಲೆ, ಬಾಗಿಲು ಒಂದೇ ಕಡೆ ನಿಂತಿದ್ದಾಗೆಲ್ಲ ನೈಲಾನ್ ಗಾಲಿ ಆ ಭಾರಕ್ಕೆ ಚಪ್ಪಟೆಯಾಗುತ್ತಾ ಬಂದಿದೆ. ಚಪ್ಪಟೆ ಮಗ್ಗುಲಲ್ಲಿ ಗಾಲಿ ಉರುಳದೆ ಎಳೆದುಕೊಂಡು ಹೋಗುತ್ತದೆ, ಆಮೇಲೆ ಕುಪ್ಪಳಿಸುತ್ತದೆ. ಹಳಿ ತಪ್ಪುವುದು ಆ ಕುಪ್ಪಳಿಕೆಯಲ್ಲೇ.

ಹೊಸದನ್ನು ಕೊಳ್ಳುವಾಗ ಬಾಗಿಲೊಂದಕ್ಕೆ 60 ಕೆ.ಜಿ. ಅಥವಾ ಹೆಚ್ಚು ಹೊರುವ, ಬಾಲ್ ಬೇರಿಂಗ್ ಇರುವ ರೋಲರ್ ನೋಡಿ. ಬರಿ ಪಿನ್ನಿನ ಮೇಲೆ ತಿರುಗುವುದು ಇಷ್ಟು ಭಾರಕ್ಕೆ ಬೇಗ ಸವೆಯುತ್ತದೆ. ತೂಕ ಬಾಗಿಲೊಂದಕ್ಕೋ ಒಂದು ರೋಲರ್‌ಗೋ ಎಂಬುದನ್ನು ಓದಿಯೇ ಕೊಳ್ಳಿ. ಒಂದನ್ನೇ ಬದಲಿಸಬೇಡಿ, ಎರಡನ್ನೂ ಹಾಕಿ.

ತೂಕಕ್ಕಿಂತ ಮುಖ್ಯವಾದದ್ದು ಗಾಲಿಯ ಅಂಚು. ಹಳಿ ಉಬ್ಬಿದ ಏಣಾಗಿದ್ದರೆ ನಡು ತೋಡಿದ ಗಾಲಿ ಬೇಕು, ಹಳಿ ತಗ್ಗಾಗಿದ್ದರೆ ಹೊಟ್ಟೆಯುಬ್ಬಿದ ಗಾಲಿ. ಅದಲು ಬದಲಾದರೆ ಎಷ್ಟು ಒಳ್ಳೆಯ ಬೇರಿಂಗೂ ನಿಲ್ಲಿಸದು. ಹಳೆಯ ರೋಲರ್ ಕೈಯಲ್ಲಿ ಹಿಡಿದೇ ಹೋಗಿ. ಅಂಚು, ಅಡ್ಡಳತೆ, ಸ್ಕ್ರೂ ತೂತುಗಳ ನಡುವಿನ ದೂರ, ಈ ಮೂರನ್ನು ಹೋಲಿಸಿ. ಹಳಿಯ ಏಣಿನ ಮೇಲೆ ಉಗುರು ಎಳೆದು ನೋಡಿ. ಅದು ಒಂದು ಕಡೆಗೆ ಸವೆದು ಇಳಿಜಾರಾಗಿದ್ದರೆ ಹಳಿಯನ್ನೂ ಬದಲಿಸಬೇಕು.

ಕನ್ನಡಿ ಬಾಗಿಲನ್ನು ಒಬ್ಬರೇ ಇಳಿಸಬೇಡಿ. ಮುಂದಿನ ಬಾಗಿಲು ಮೊದಲು. ನೇರ ಮೇಲಕ್ಕೆತ್ತಿ, ತಳವನ್ನು ನಿಮ್ಮ ಕಡೆಗೆ ತನ್ನಿ. ಮೇಲಕ್ಕೇಳದಿದ್ದರೆ ಬಲ ಹಾಕಬೇಡಿ. ಬಾಗಿಲು ಜಿಗಿಯದಂತೆ ತಡೆಯುವ ಪುಟ್ಟ ಪ್ಲಾಸ್ಟಿಕ್ ನಾಲಿಗೆ ರೋಲರ್ ಪಕ್ಕದಲ್ಲಿರಬಹುದು, ಅದನ್ನು ಮೊದಲು ಬಿಡಿಸಿ. ಕೂರಿಸಿದ ಮೇಲೆ ಅದನ್ನು ಮತ್ತೆ ಹಾಕಿ. ಹೆಚ್ಚಿನವರು ಮರೆಯುವುದು ಇಲ್ಲೇ.

ಮೊದಲ ಉತ್ತರ ಬರೆದವರಿಂದ

ಹಳಿಗೆ ಎಣ್ಣೆ ಬೇಡ ಎಂಬುದನ್ನು ಒಪ್ಪಿದೆ. ಆದರೆ “ತಲೆ ಬಿಡುವುದು” ಒಪ್ಪಲಾರೆ. ಓದುವವರು ಬಾಗಿಲಿನ ತಲೆ ಯಾವುದೆಂದು ಕೇಳುತ್ತಾರೆ. “ಮೇಲಂಚು ಜಾರುವುದು” ಎಂದು ಬಿಡಿಸಿ ಬರೆಯಿರಿ.

ಪ್ರಶ್ನೆ ಕೇಳಿದವರಿಂದ

ಎರಡು ಭಾಗ ಮಾಡುತ್ತೇನೆ. “ಗಾಲಿ ಹಳಿ ತಪ್ಪಿದರೆ” ಒಂದು, “ಮೇಲಂಚು ಜಾರಿದರೆ” ಇನ್ನೊಂದು. ತಿರುಗುವ ಚಕ್ರಕ್ಕೆ ಗಾಲಿ, ಗೂಡು ಮತ್ತು ಸ್ಕ್ರೂ ಸಮೇತ ಇಡೀ ಬಿಡಿಭಾಗಕ್ಕೆ ರೋಲರ್. ಅಂಗಡಿಯಲ್ಲಿ ಕೇಳಬೇಕಾದ ಹೆಸರು ಅದೇ ತಾನೇ. ಜಿಗಿತ ತಡೆಯುವ ಆ ನಾಲಿಗೆಗೆ ಮಾತ್ರ ಹೆಸರು ಸಿಕ್ಕಿಲ್ಲ. ಬಡಗಿಯಣ್ಣಾ, ಕೆಲಸದ ಜಾಗದಲ್ಲಿ ನೀವೆಲ್ಲ ಅದನ್ನು ಏನೆಂದು ಕರೆಯುತ್ತೀರಿ?

ಎರಡನೆಯ ಉತ್ತರ ಬರೆದವರಿಂದ

ನಾವು ಲಾಕ್ ಅಂತೀವಿ. ಆದರೆ ಹಾಗೆ ಬರೆದರೆ ಓದುವವರು ಬೀಗ ಹುಡುಕುತ್ತಾರೆ. ಬೇರೆ ಯಾರಾದರೂ ಹೇಳಲಿ.