ಮನೆಯಲ್ಲಿ ಅಡುಗೆ ಕ್ಲಾಸ್: ಬುಕಿಂಗ್ ಮೆಸೇಜಿನಲ್ಲಿ ಅಲರ್ಜಿ ಬಗ್ಗೆ ಏನು ಬರೆಯೋದು?

ಪ್ರಶ್ನೆ: ಮೈಸೂರಿನ ನಮ್ಮ ಮನೆಯಲ್ಲಿ ಪ್ರವಾಸಿಗರಿಗೆ ಮೂರು ಗಂಟೆಯ ಕ್ಲಾಸ್ ಶುರು ಮಾಡಿದ್ದೇನೆ. ಬಿಸಿಬೇಳೆಬಾತ್, ಕೋಸಂಬರಿ, ಮೈಸೂರ್ ಪಾಕ್. ಶನಿವಾರ ಬರುವವರಲ್ಲಿ ಒಬ್ಬರಿಗೆ ಸೀಲಿಯಾಕ್ ಅಂತೆ, ಗೋಧಿ ಸ್ವಲ್ಪವೂ ಆಗಲ್ಲವಂತೆ. ಕನ್ಫರ್ಮೇಶನ್ ಮೆಸೇಜಿನಲ್ಲಿ ಏನು ಹಾಕಲಿ?

ಹೋಮ್‌ಸ್ಟೇ ನಡೆಸುವವರು: ಅಕ್ಕಿ, ಬೇಳೆ, ಕಡಲೆಹಿಟ್ಟು ತಾನೆ? ಗೋಧಿ ಎಲ್ಲಿದೆ? ಧೈರ್ಯವಾಗಿ ಬನ್ನಿ ಅಂತ ಹೇಳಿಬಿಡಿ.

ಅಡುಗೆ ಕಲಿಸುವವರು: ಹಾಗೆ ಹೇಳಬೇಡಿ ಮೇಡಂ. ನಿಮ್ಮ ಇಂಗಿನ ಡಬ್ಬಿ ತಿರುಗಿಸಿ ಓದಿ, ಪುಡಿ ಇಂಗಿನಲ್ಲಿ ಬಹಳ ಸಲ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಅಂಗಡಿಯ ಬಿಸಿಬೇಳೆಬಾತ್ ಪುಡಿಯಲ್ಲೂ ಅದೇ ಇಂಗು ಇರಬಹುದು. ಅವತ್ತು ಇಂಗು ಬಿಟ್ಟು ಪುಡಿಯನ್ನು ಮನೆಯಲ್ಲೇ ಹುರಿದು ಮಾಡಿ. ಇನ್ನು ಕಡಲೆಹಿಟ್ಟು. ಗಿರಣಿಯಲ್ಲಿ ನಿಮಗಿಂತ ಮುಂಚೆ ಯಾರೋ ಗೋಧಿ ಬೀಸಿಸಿಕೊಂಡು ಹೋಗಿರುತ್ತಾರೆ, ಕಲ್ಲಿಗೆ ಅಂಟಿದ್ದೆಲ್ಲ ನಿಮ್ಮ ಹಿಟ್ಟಿಗೆ ಬರುತ್ತೆ. ಕಡಲೆಬೇಳೆಯನ್ನು ತೊಳೆದ ಮಿಕ್ಸಿ ಜಾರಿನಲ್ಲಿ ಪುಡಿ ಮಾಡಿ, ಹೊಸ ಜರಡಿಯಲ್ಲಿ ಜರಡಿ ಹಿಡಿಯಿರಿ. ಚಪಾತಿ ಹಿಟ್ಟಿನ ಜರಡಿ ಬೇಡವೇ ಬೇಡ.

'ಏನಾದರೂ ಅಲರ್ಜಿ ಇದೆಯಾ' ಅಂತ ಸುಮ್ನೆ ಕೇಳಿದರೆ ಜನ 'ಇಲ್ಲ' ಅಂತಾರೆ, ಗೋಡಂಬಿ ಕಂಡ ಮೇಲೆ ಬಾಯಿ ಬಿಡ್ತಾರೆ. ಅಡುಗೆಗೆ ಏನೇನು ಬೀಳುತ್ತೆ ಅಂತ ಬಿಡಿಸಿ ಬರೆಯಿರಿ. ನಾನು ಕಳಿಸೋದು ಹೀಗೆ, ಇಂಗ್ಲಿಷಿಗೆ ಮಾಡಿಕೊಳ್ಳಿ:

*ಶನಿವಾರ ಬೆಳಿಗ್ಗೆ 10ಕ್ಕೆ ನಿಮ್ಮ ನಾಲ್ಕು ಜಾಗ ಖಾತ್ರಿಯಾಗಿದೆ. ಅಡುಗೆಯಲ್ಲಿ ತುಪ್ಪ, ಗೋಡಂಬಿ, ತೆಂಗಿನಕಾಯಿ, ಸಾಸಿವೆ ಇರುತ್ತವೆ. ಇವುಗಳಲ್ಲಿ ಯಾವುದಾದರೂ ಆಗದಿದ್ದರೆ ಗುರುವಾರದೊಳಗೆ ತಿಳಿಸಿ. ಇದು ಮನೆಯ ಅಡುಗೆಮನೆ, ಗೋಧಿಯೂ ಬಳಸುತ್ತೇವೆ, ಪೂರ್ತಿ ಖಾತ್ರಿ ಕೊಡಲಾಗದು. ನಿಮ್ಮ ಔಷಧಿ, ಇಂಜೆಕ್ಷನ್ ಜೊತೆಗೇ ತನ್ನಿ. ಹತ್ತಿ ಬಟ್ಟೆ ಹಾಕಿಕೊಳ್ಳಿ, ಜೋಲು ತೋಳು ಬೇಡ, ಉದ್ದ ಕೂದಲು ಕಟ್ಟಿರಲಿ. ಚಪ್ಪಲಿ ಬಾಗಿಲಲ್ಲಿ ಬಿಡಬೇಕು, ಒಳಗೆ ಹಾಕಲು ಕಾಲು ಮುಚ್ಚುವ ಚಪ್ಪಲಿ ಕೊಡುತ್ತೇವೆ. ಮೈಸೂರ್ ಪಾಕ್ ಒಯ್ಯಲು ಡಬ್ಬಿ ತನ್ನಿ.*

'ಖಾತ್ರಿ ಕೊಡಲಾಗದು' ಅನ್ನೋ ಸಾಲನ್ನು ಮಾತ್ರ ತೆಗೀಬೇಡಿ. ಅದನ್ನು ಓದಿ ಬರೋದು ಬಿಡೋದು ಅವರಿಗೆ ಬಿಟ್ಟಿದ್ದು.

ಇನ್ನೊಬ್ಬರು: ಬಟ್ಟೆ ವಿಷಯ ಬರೆದಿದ್ದು ಒಳ್ಳೆಯದಾಯ್ತು. ನಮ್ಮಲ್ಲಿ ಒಬ್ಬರು ನೈಲಾನ್ ದುಪಟ್ಟಾ ಹಾಕಿಕೊಂಡು ಬಂದಿದ್ದರು. ಪಾಕಕ್ಕೆ ಬಿಸಿ ತುಪ್ಪ ಹಾಕುತ್ತಲೇ ಸರ್ರಂತ ಉಕ್ಕಿತು, ದುಪಟ್ಟಾ ಸುಕ್ಕಾಗಿ ಹೋಯ್ತು. ಆಮೇಲೆ ಉಕ್ಕುವ ಹೊತ್ತಿಗೆ ಎಲ್ಲರನ್ನೂ ಒಂದು ಹೆಜ್ಜೆ ಹಿಂದೆ ನಿಲ್ಲಿಸ್ತೀನಿ. ಅಂದಹಾಗೆ ಅಡ್ವಾನ್ಸ್ ಎಷ್ಟು ತಗೋತೀರಿ?

ಪ್ರಶ್ನೆ ಕೇಳಿದವರು: ಅರ್ಧ. ಇಂಗಿನ ಡಬ್ಬಿ ಈಗಷ್ಟೇ ನೋಡಿದೆ, ಗೋಧಿ ಹಿಟ್ಟು ಅಂತಲೇ ಇದೆ! ಮೆಸೇಜ್ ಓದಿ ಆಕೆ ಬರಲ್ಲ ಅಂದರೆ ದುಡ್ಡು ಪೂರ್ತಿ ವಾಪಸ್ ಕೊಡಬೇಕಾ?

ಅಡುಗೆ ಕಲಿಸುವವರು: ನಾನು ಕೊಡ್ತೀನಿ. ಮೊದಲೇ ಹೇಳಿದ್ದಾರೆ ಅಲ್ವಾ.

ಹೋಮ್‌ಸ್ಟೇ ನಡೆಸುವವರು: ನಾನು ಅರ್ಧ ಹಿಡ್ಕೋತೀನಿ, ತರಕಾರಿ ತಂದಿರ್ತೀವಿ. ಆದ್ರೆ ನಮ್ಮನೆ ಇಂಗೂ ಒಮ್ಮೆ ನೋಡಬೇಕು ಈಗ.